ಅಳತೆಯ ರವಿಕೆ

ಹಲಸೂರಿನ ಸೋಮೇಶ್ವರ ಗುಡಿಯ ಹಿಂದಿನ ಬೀದಿಯಲ್ಲಿ ಅಂಜನಮೂರ್ತಿಯ ಟೈಲರ್ ಅಂಗಡಿ ಇತ್ತು. ಕೆಳಗೆ ಅಂಗಡಿ, ಮೇಲೆ ಮನೆ. ಅಂಗಡಿಗೆ ಬೋರ್ಡಿಲ್ಲ. ಬೋರ್ಡ್ ಯಾಕೆ ಹಾಕಿಲ್ಲ ಎಂದು ಕೇಳಿದರೆ, ಹುಡುಕಿಕೊಂಡು ಬರುವವರಿಗೆ ದಾರಿ ಗೊತ್ತಿರುತ್ತದೆ ಎನ್ನುತ್ತಿದ್ದ. ಈ ಒಂದು ಮಾತಿನಲ್ಲೇ ಅವನ ಜಂಬ ಎಷ್ಟಿತ್ತೆಂದು ತಿಳಿಯಬಹುದು.

ಜಂಬಕ್ಕೆ ಕಾರಣವಿಲ್ಲದಿರಲಿಲ್ಲ. ಇಪ್ಪತ್ತೆರಡು ವರ್ಷ ಹೆಂಗಸರ ರವಿಕೆ ಹೊಲಿದವನು, ಒಬ್ಬರ ಮೈಗೂ ಟೇಪು ಮುಟ್ಟಿಸಿರಲಿಲ್ಲ. ಬಂದವರು ಮೈಗೆ ಸರಿಯಾಗಿ ಕೂರುವ ಹಳೆಯ ರವಿಕೆಯೊಂದನ್ನು ತಂದುಕೊಡಬೇಕು. ಅದಕ್ಕೆ ಅಳತೆ ಬ್ಲೌಸು ಎಂದು ಹೆಸರು. ಅದನ್ನು ಮೇಜಿನ ಮೇಲೆ ಹರಡಿ, ಕಂದು ಕಾಗದದ ಮೇಲೆ ಗೆರೆ ಎಳೆದು ಕತ್ತರಿಸಿ, ಕಾಗದದ ಮೇಲೆ ಆಯಾ ಮನೆಯ ಹೆಸರು ಬರೆದು ಗೂಟಕ್ಕೆ ನೇತುಹಾಕುತ್ತಿದ್ದ. ಮುಂದಿನ ಸಲ ಬಟ್ಟೆ ಕೊಟ್ಟರೆ ಸಾಕು, ಅಳತೆ ಅಲ್ಲೇ ಇರುತ್ತಿತ್ತು. ಬಾಣಸವಾಡಿ, ಬೆನ್ಸನ್ ಟೌನ್‌ನಿಂದೆಲ್ಲ ಹೆಂಗಸರು ಬರುತ್ತಿದ್ದರು. ಬೀದಿಯಲ್ಲಿ ನಡೆದು ಹೋಗುವವರನ್ನು ನೋಡಿ, 'ಈಯಮ್ಮ ಒಂದಿಂಚು ದಪ್ಪ ಆಗವ್ರೆ' ಎಂದು ಹೆಂಡತಿ ಯಮುನಾಗೆ ಹೇಳುತ್ತಿದ್ದ. ಹೇಳಿದ್ದು ಹೆಚ್ಚಾಗಿ ನಿಜವೂ ಆಗಿರುತ್ತಿತ್ತು.

ಇಂಥ ಕಣ್ಣಿದ್ದವನು ತನ್ನ ತಾಯಿಯನ್ನು ಮೂರು ವರ್ಷ ನೋಡಲಿಲ್ಲ. ನೋಡುತ್ತಿರಲಿಲ್ಲವೆಂದಲ್ಲ, ದಿನಾ ಮೂರು ಹೊತ್ತು ನೋಡುತ್ತಿದ್ದ. ಹಾಗೆ ನೋಡುವುದೇ ತೊಂದರೆ ಎಂದು ಅವನಿಗೆ ಆಮೇಲೆ ಗೊತ್ತಾಯಿತು.

ತಾಯಿ ಪಟಾಲಮ್ಮ. ಗಂಡ ಬದುಕಿದ್ದಾಗ ದಂಡಿನ ಪ್ರದೇಶದ ದೊಡ್ಡ ಟೈಲರುಗಳಿಗೆ ಕಾಜಾ ಹೊಲಿದುಕೊಟ್ಟವಳು. ಗುಂಡಿ ತೂರುವ ಆ ಕಿಂಡಿಯ ಅಂಚನ್ನು ಅವಳು ಹೆಣೆದರೆ ಮಿಷನ್ನಿನವರು ನಾಚಬೇಕು. ಬೆರಳಿಗೆ ಸೂಜಿ ಸಿಕ್ಕರೆ ಬೇರೆಲ್ಲ ಮರೆಯುತ್ತಿದ್ದಳು. ಕೂತು ತಿನ್ನುವ ಜಾಯಮಾನದವಳಲ್ಲ. ಮನೆಯವರೆಲ್ಲರೂ ಉಂಡ ಮೇಲೆ, ಗಂಡ ಕೊನೆಯ ತುತ್ತು ಮುಗಿಸಿ ಕೈ ತೊಳೆಯಲು ಏಳುವ ಹೊತ್ತಿಗೆ ತಟ್ಟೆಗೆ ಹಾಕಿಕೊಂಡು ಕೂರುತ್ತಿದ್ದಳು. ಆಗ ಅವನು ಪಕ್ಕದಲ್ಲೇ ಕುಳಿತು ಬೀಡಿ ಹಚ್ಚಿ ಅಂದಿನ ಕಥೆ ಹೇಳುತ್ತಿದ್ದ. ಅವರ ನಲವತ್ತು ವರ್ಷದ ಸಂಸಾರದಲ್ಲಿ ಮಾತಿಗೆಂದು ಬಿಡುವಾಗಿದ್ದ ಹೊತ್ತು ಅದೊಂದೇ.

ಎರಡು ಸಾವಿರದ ಒಂದನೆಯ ಇಸವಿಯ ಆಷಾಢದಲ್ಲಿ ಗಂಡ ತೀರಿಕೊಂಡ. ಅಂದಿನಿಂದ ಪಟಾಲಮ್ಮ ತಟ್ಟೆಯ ಮುಂದೆ ಕೂರುವುದನ್ನು ಕ್ರಮೇಣ ಬಿಟ್ಟಳು. ಮನೆಯಲ್ಲಿ ಯಾರಿಗೂ ಗೊತ್ತಾಗದಂತೆ ಬಿಟ್ಟಳು. ಆ ಕಲೆಯಲ್ಲೂ ಅವಳ ಕೈ ನುಣುಪು. ಮೊದಲು ಸೋಮವಾರ ಒಪ್ಪತ್ತು ಹಿಡಿದಳು. ಆಮೇಲೆ ಶನಿವಾರ ಸೇರಿತು. ಮುಂದಿನ ವರ್ಷ ಗುರುವಾರವೂ ಬಂತು. ಒಂದೇ ಹೊತ್ತಿನ ಊಟ, ಅದೂ ಒಂದು ಬಟ್ಟಲು ಅವಲಕ್ಕಿ. ಗಂಡ ಹೋದ ಮೇಲೆ ಹೆಂಗಸರು ದೇವರ ಕಡೆ ತಿರುಗುವುದು ಹೊಸದೇನಲ್ಲ. ಯಮುನಾ ಅತ್ತೆಯ ಭಕ್ತಿಗೆ ಕೈ ಮುಗಿದು ಅವಲಕ್ಕಿ ನೆನೆಹಾಕಿಕೊಟ್ಟಳು.

ಉಳಿದ ದಿನಗಳಿಗೆ ಇನ್ನೊಂದು ಉಪಾಯವಿತ್ತು. ಅಂಗಡಿಗೆ ಹುಕ್ಕು, ಹೆಮ್ಮಿಂಗು ಮಾಡಲು ಶಿವಾಜಿನಗರದಿಂದ ಶಕೀಲಾ ಬರುತ್ತಿದ್ದಳು. ಮಧ್ಯಾಹ್ನ ಅಂಜನಮೂರ್ತಿ ಊಟಕ್ಕೆ ಮೇಲೆ ಹೋದ ಹೊತ್ತಿನಲ್ಲಿ ಅವಳು ಬುತ್ತಿ ಬಿಚ್ಚಿದಾಗ ಪಟಾಲಮ್ಮ ಕೆಳಗೆ ಬಂದು ಅವಳ ಪಕ್ಕ ಕೂರುತ್ತಿದ್ದಳು. ಶಕೀಲಾ ಕರೆದರೆ, 'ಮೇಲೆ ಆಯ್ತು' ಎನ್ನುತ್ತಿದ್ದಳು. ಮೇಲೆ ಹೋದಾಗ ಯಮುನಾ ಕೇಳಿದರೆ, 'ಶಕೀಲಾ ಬಿಡಲಿಲ್ಲ, ಕೆಳಗೇ ಆಯ್ತು' ಎನ್ನುತ್ತಿದ್ದಳು. ಇಬ್ಬರೂ ಒಳ್ಳೆಯವರೇ, ಇಬ್ಬರೂ ಕೇಳುವವರೇ. ಇಬ್ಬರಿಗೂ ಉತ್ತರ ಸಿಗುತ್ತಿತ್ತು. ಮೂರು ವರ್ಷದಲ್ಲಿ ಅವರಿಬ್ಬರೂ ಈ ವಿಷಯ ತಮ್ಮತಮ್ಮಲ್ಲಿ ಮಾತಾಡಿಕೊಂಡಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ನಡುವೆ ಮಂಡಿನೋವು ಬಂತು. ಮೂಲೆಯ ಮೆಡಿಕಲ್ ಶಾಪಿನಲ್ಲಿ ನೋವಿನ ಮಾತ್ರೆ ಕೊಟ್ಟರು. ಬೆಳಿಗ್ಗೆ ಒಂದು, ರಾತ್ರಿ ಒಂದು. ಒಪ್ಪತ್ತಿನ ದಿನ ಬರಿಹೊಟ್ಟೆಗೇ ನುಂಗುತ್ತಿದ್ದಳು. ನೋವು ಹೋಗುತ್ತಿತ್ತು, ಆದ್ದರಿಂದ ಮಾತ್ರೆ ಒಳ್ಳೆಯದೆಂದು ಎಲ್ಲರೂ ಒಪ್ಪಿದ್ದರು.

ಯುಗಾದಿಗೆ ತಾಯಿಗೊಂದು ಹೊಸ ರವಿಕೆ ಹೊಲಿಯುವುದು ಅಂಜನಮೂರ್ತಿಯ ಪದ್ಧತಿ. ಅವಳ ಕಂದು ಕಾಗದ ಎಂಬತ್ತೆರಡರಲ್ಲಿ ಕತ್ತರಿಸಿದ್ದು, ಗೂಟದ ಮೊದಲ ಕಾಗದವೇ ಅದು. ಪ್ರತಿ ವರ್ಷ ಅದನ್ನೇ ಬಟ್ಟೆಯ ಮೇಲಿಟ್ಟು ಕತ್ತರಿ ಆಡಿಸುತ್ತಿದ್ದ. ಎರಡು ಸಾವಿರದ ಮೂರರ ಯುಗಾದಿಯ ದಿನ ಹೊಸ ರವಿಕೆ ಹಾಕಿಕೊಂಡು ತಾಯಿ ಗುಡಿಗೆ ಹೊರಟಾಗ ಭುಜದ ಹತ್ತಿರ ಬಟ್ಟೆ ಜೋತುಬಿದ್ದದ್ದು ಕಣ್ಣಿಗೆ ಬಿತ್ತು. 'ಈ ಕಾಟನ್ನು ತೊಳೆದ ಮೇಲೆ ಸರಿಹೋಯ್ತದೆ' ಎಂದುಕೊಂಡ. ಪಟಾಲಮ್ಮ ಸೆರಗನ್ನು ಭುಜದ ಸುತ್ತ ಎಳೆದುಕೊಂಡು ಮೆಟ್ಟಿಲಿಳಿದಳು.

ಮರುವರ್ಷದ ಯುಗಾದಿಗೆ ಹದಿನೈದು ದಿನ ಇರುವಾಗ ಗೋಡೆಗೆ ಗೆದ್ದಲು ಹತ್ತಿ, ಗೂಟದಲ್ಲಿದ್ದ ಕಾಗದಗಳಲ್ಲಿ ಕಾಲುಭಾಗ ಮಣ್ಣಾಗಿ ಹೋಯಿತು. ಮೊದಲ ಕಾಗದ ಗೋಡೆಗೆ ಅಂಟಿಕೊಂಡಿದ್ದರಿಂದ ಅದು ಪೂರಾ ಹೋಗಿತ್ತು. ಅಂಜನಮೂರ್ತಿ ಮೆಟ್ಟಿಲ ಬಳಿ ನಿಂತು ಕೂಗಿದ.

'ಅಮ್ಮ, ಅಳತೆಗೆ ಒಂದು ಬ್ಲೌಸ್ ಕೊಡು. ನಿನ್ನ ಪೇಪರು ಹೋಗ್ಬಿಡ್ತು.'

ಪಟಾಲಮ್ಮ ಮೇಲಿನಿಂದಲೇ ಹೇಳಿದಳು.

'ಈ ಸಲ ಬ್ಯಾಡ ಬಿಡೋ. ಇರೋದೇ ಬೇಕಾದಷ್ಟು ಐತೆ.'

'ಹಬ್ಬಕ್ಕೆ ಹೊಲೀದೆ ಇರ್ತೀನಾ? ಯಾವ್ದಾದ್ರೂ ಕೊಡಮ್ಮ.'

'ನಾಳೆ ನೋಡ್ತೀನಿ.'

ನಾಳೆಯೂ ಬರಲಿಲ್ಲ, ನಾಳಿದ್ದೂ ಬರಲಿಲ್ಲ. ಮೂರನೆಯ ದಿನ ಅವನೇ ಯಮುನಾಗೆ ಹೇಳಿ, ತಂತಿಯ ಮೇಲೆ ಒಣಹಾಕಿದ್ದ ಹಳೆಯ ಕುಂಕುಮ ಬಣ್ಣದ ರವಿಕೆಯನ್ನು ತರಿಸಿಕೊಂಡ. ಎರಡು ಸಾವಿರದ ಒಂದರ ಯುಗಾದಿಗೆ ತಾನೇ ಹೊಲಿದದ್ದು; ಅಪ್ಪ ಇದ್ದ ಕೊನೆಯ ಹಬ್ಬದ್ದು. ಮೇಜಿನ ಮೇಲೆ ಹರಡಿದ. ಹರಡಿದ ತಕ್ಷಣ ಕೈ ನಿಂತಿತು. ರವಿಕೆ ಚಿಕ್ಕದಾಗಿತ್ತು. ಒಗೆದು ಒಗೆದು ಹೀಗಾಯಿತೇ ಎಂದುಕೊಂಡು ಒಳಮಗ್ಗುಲು ತಿರುವಿದ.

ಎರಡು ಪಕ್ಕದ ಹೊಲಿಗೆಯ ಒಳಗೂ, ತೋಳಿನ ಕೆಳಗೂ, ತಾನು ಹಾಕಿದ ಮಿಷನ್ ಗೆರೆಯ ಪಕ್ಕ ಕೈಹೊಲಿಗೆಯ ಮೂರು ಗೆರೆಗಳಿದ್ದವು. ಒಂದರ ಒಳಗೆ ಇನ್ನೊಂದು, ಅದರೊಳಗೆ ಮತ್ತೊಂದು. ಹೊರಗಿನಿಂದ ಒಂದೂ ಕಾಣುವಂತಿರಲಿಲ್ಲ. ಅಂಥ ಸಣ್ಣ ಹೊಲಿಗೆ ಆ ಬೀದಿಯಲ್ಲಿ ಒಂದೇ ಕೈಯಿಂದ ಬರುತ್ತಿತ್ತು.

ನೂಲುಗಳ ಬಣ್ಣ ಬೇರೆಬೇರೆ. ಅಂಗಡಿಯಲ್ಲಿ ಬಾಬಿನ್ನಿನಲ್ಲಿ ಉಳಿದ ತುಂಡು ನೂಲನ್ನು ತಾಯಿ ಸುತ್ತಿಟ್ಟುಕೊಳ್ಳುತ್ತಿದ್ದುದು ಅವನಿಗೆ ಗೊತ್ತಿತ್ತು. ಹೊರಗಿನ ಗೆರೆ ಗಾಢ ನೀಲಿ. ಆ ನೀಲಿ ಅವನ ಅಂಗಡಿಗೆ ಬಂದದ್ದು ಒಂದೇ ಸಲ, ಎರಡು ಸಾವಿರದ ಎರಡರ ಜೂನ್‌ನಲ್ಲಿ, ಒಂದು ಶಾಲೆಯ ಯೂನಿಫಾರ್ಮಿಗೆ. ನಡುವಿನದು ಗಿಳಿಹಸಿರು: ಮೂರರ ಫೆಬ್ರವರಿಯಲ್ಲಿ ಒಂದು ಮದುವೆಮನೆಯವರು ಹನ್ನೆರಡು ಹಸಿರು ರವಿಕೆ ಹೊಲಿಸಿದ್ದರು. ಒಳಗಿನದು ಕನಕಾಂಬರ ಬಣ್ಣ. ಅದು ಕಳೆದ ದೀಪಾವಳಿಯದು, ಇನ್ನೂ ರೀಲಿನಲ್ಲಿ ಅರ್ಧ ಉಳಿದಿತ್ತು.

ಅಂಜನಮೂರ್ತಿ ಟೇಪು ತೆಗೆದ. ನೀಲಿ ಗೆರೆಯಲ್ಲಿ ತೋಳಿನ ಸುತ್ತಳತೆ ಅರ್ಧ ಇಂಚು ಕಡಿಮೆಯಾಗಿತ್ತು. ಹಸಿರಿನಲ್ಲಿ ಇನ್ನರ್ಧ. ಕನಕಾಂಬರದಲ್ಲಿ ಒಮ್ಮೆಗೇ ಒಂದಿಂಚು. ಹನ್ನೊಂದು ಇಂಚಿನ ರವಿಕೆಯ ತೋಳು ಒಂಬತ್ತಕ್ಕೆ ಬಂದು ನಿಂತಿತ್ತು. ಮೊದಲು ನಿಧಾನ, ಆಮೇಲೆ ದಡದಡ ಇಳಿದದ್ದು. ಅಂಗಡಿಯ ಮುಂದೆ ಹೋಗುವ ಪರ ಊರಿನ ಹೆಂಗಸಿನ ಒಂದಿಂಚು ಹೇಳುತ್ತಿದ್ದವನು, ತಾಯಿಯ ಎರಡಿಂಚು ಎಲ್ಲಿಗೆ ಹೋಯಿತೆಂದು ತಿಳಿಯದೆ ಕೂತುಬಿಟ್ಟ.

ಹುಕ್ಕು ಹಾಕುತ್ತಿದ್ದ ಶಕೀಲಾ ತಲೆಯೆತ್ತಿದಳು.

'ಏನಾಯ್ತು ಅಣ್ಣ?'

'ಅಮ್ಮ ನಿನ್ ಜೊತೆ ದಿನಾ ಏನ್ ತಿಂತಾರೆ?'

'ನನ್ ಜೊತೆ ಎಲ್ಲಿ ತಿಂತಾರೆ? ಮೇಲೆ ಊಟ ಆಯ್ತು ಅಂತಾರಲ್ಲ ಯಾವಾಗ್ಲೂ.'

ಬಾಗಿಲಲ್ಲಿ ನಿಂತಿದ್ದ ಯಮುನಾ ಶಕೀಲಾಳನ್ನು ನೋಡಿದಳು, ಶಕೀಲಾ ಯಮುನಾಳನ್ನು ನೋಡಿದಳು. ಮೂರು ವರ್ಷದ ಸುಳ್ಳು ಒಂದು ಕ್ಷಣದಲ್ಲಿ ಬಿಚ್ಚಿಕೊಂಡಿತ್ತು.

ಅಂಜನಮೂರ್ತಿ ರವಿಕೆ ಹಿಡಿದುಕೊಂಡು ಮೇಲೆ ಹೋದ. ಪಟಾಲಮ್ಮ ಕಿಟಕಿಯ ಬಳಿ ಕೂತು ಹುರುಳಿಯಲ್ಲಿ ಕಲ್ಲು ಆರಿಸುತ್ತಿದ್ದಳು. ಮಗನ ಕೈಯಲ್ಲಿರುವುದನ್ನು ಕಂಡು ಮೊರ ಪಕ್ಕಕ್ಕಿಟ್ಟಳು.

'ಯಾಕಮ್ಮ ಹೇಳ್ಲಿಲ್ಲ?'

'ಏನ್ ಹೇಳೋದು? ವಯಸ್ಸಾದ್ರೆ ಮೈ ಇಳೀತದೆ. ನಿಮ್ಮಜ್ಜಿ ಇಳಿದಿರ್ಲಿಲ್ವಾ?'

'ಅದಕ್ಕೆ ಕದ್ದು ಹೊಲೀಬೇಕಾ?'

'ನಿನ್ ಹೊಲಿಗೆ ಜೋತುಬಿದ್ದಂಗೆ ಕಂಡ್ರೆ ನಿಂಗೇ ಕೆಟ್ಟ ಹೆಸರು. ಪಟಾಲಮ್ಮನ ಮಗ ಅವ್ವನ ರವಿಕೆ ನೆಟ್ಟಗೆ ಹೊಲೀಲಿಲ್ಲ ಅಂತ ಜನ ಆಡ್ಕೋಬೇಕಾ?'

ತಾಯಿ ತನ್ನ ಹೆಸರನ್ನು ಕಾಪಾಡಿಕೊಂಡು ಬಂದಿದ್ದಳು, ಮೂರು ಬಣ್ಣದ ನೂಲಿನಲ್ಲಿ. ಅವನು ಅವಳ ಸೆರಗು ಸರಿಸಿ ತೋಳಿಗೆ ಟೇಪು ಸುತ್ತಿದ. ಅಂಗಡಿ ಇಟ್ಟಂದಿನಿಂದ ಹೆಣ್ಣೊಬ್ಬಳ ತೋಳಿಗೆ ಟೇಪು ಸುತ್ತಿದ್ದು ಅದೇ ಮೊದಲು. ಬರೋಬ್ಬರಿ ಎಂಟು ಇಂಚು; ರವಿಕೆಗೆ ಬಿಡುವ ಒಂದಿಂಚು ಸಡಿಲ ಕಳೆದರೆ ಕನಕಾಂಬರದ ಗೆರೆಯ ಲೆಕ್ಕವೇ. ಟೇಪಿನ ಕೆಳಗೆ ಚರ್ಮ ಸಡಿಲವಾಗಿ ಜಾರುತ್ತಿತ್ತು. ಕೈಗಂಟಿನ ಮೂಳೆ ಎದ್ದು ಕಾಣುತ್ತಿತ್ತು, ಕುತ್ತಿಗೆಯ ಬುಡದಲ್ಲಿ ಗುಳಿ ಬಿದ್ದಿತ್ತು. ಇದೆಲ್ಲ ಸೆರಗಿನ ಕೆಳಗೇ ಇತ್ತು. ಎದ್ದು ನಿಲ್ಲಲು ಅವಳು ಎರಡು ಸಲ ಗೋಡೆ ಹಿಡಿದದ್ದನ್ನೂ ಆ ಹೊತ್ತೇ ಗಮನಿಸಿದ.

ಮರುದಿನ ಬೆಳಿಗ್ಗೆಯೇ ತಾಯಿಯನ್ನು ಆಟೋ ಹತ್ತಿಸಿಕೊಂಡು ಆಸ್ಪತ್ರೆಗೆ ಹೋದ. ಡಾಕ್ಟರಮ್ಮ ಐವತ್ತರ ಆಸುಪಾಸಿನವರು. ಮಾತು ಕಡಿಮೆ, ಕೈ ಚುರುಕು. ತೂಕ ಮೂವತ್ತಾರು ಕೆ.ಜಿ. ಎತ್ತರ ನಾಲ್ಕಡಿ ಹತ್ತು.

'ಮೊದಲು ಎಷ್ಟಿತ್ತು ತೂಕ?'

'ತೂಕ ಯಾವತ್ತೂ ನೋಡಿಲ್ಲ ಮೇಡಂ.'

'ಅದೇ ನೋಡಿ. ಎಲ್ಲರೂ ಹೀಗೇ ಹೇಳ್ತಾರೆ. ಆಮೇಲೆ ಎಷ್ಟು ದಿನದಿಂದ ಇಳೀತಿದ್ದಾರೆ ಅಂದ್ರೆ ಗೊತ್ತಿಲ್ಲ ಅಂತಾರೆ.'

ಅಂಜನಮೂರ್ತಿ ಚೀಲದಿಂದ ರವಿಕೆ ತೆಗೆದು ಮೇಜಿನ ಮೇಲೆ ಒಳಮಗ್ಗುಲು ಮಾಡಿ ಹರಡಿದ. ಯಾವ ಗೆರೆ ಯಾವ ತಿಂಗಳದು, ಎಷ್ಟಿಂಚಿನದು ಎಂದು ಬೆರಳಿಟ್ಟು ಹೇಳಿದ. ಡಾಕ್ಟರಮ್ಮ ಕನ್ನಡಕ ಮೇಲೆ ಸರಿಸಿ ಬಗ್ಗಿ ನೋಡಿದರು. ನಂತರ ಪಟಾಲಮ್ಮನ ಮೇಲ್ತೋಳಿಗೆ ತಮ್ಮದೇ ಟೇಪು ಸುತ್ತಿದರು. ಇಪ್ಪತ್ತು ಸೆಂಟಿಮೀಟರಿಗೆ ಸ್ವಲ್ಪ ಮೇಲೆ.

'ನಿಮ್ಮ ಅಳತೆ ನನ್ನ ಅಳತೆಗೆ ಸರಿಯಾಗಿದೆ. ವಯಸ್ಸಾದವರಲ್ಲಿ ಇದು ಇಪ್ಪತ್ತೆರಡರ ಕೆಳಗೆ ಇಳಿದರೆ ನಾವು ಹುಷಾರಾಗಬೇಕು. ಇವರಿಗೆ ಮೊದಲು ಇಪ್ಪತ್ತೈದಿತ್ತು ಅಂತ ನಿಮ್ಮ ರವಿಕೆ ಹೇಳ್ತಿದೆ. ಕಳೆದ ವರ್ಷ ವೇಗ ಹೆಚ್ಚಾಗಿದೆ. ವಯಸ್ಸು ಅಂತ ಬಿಡೋ ವಿಷಯ ಅಲ್ಲ ಇದು. ಯಾವಾಗಲೂ ಕಾರಣ ಹುಡುಕಬೇಕು.'

ಹುಡುಕಿದರು. ಬಾಯಿ ತೆರೆಸಿದರೆ ಕೆಳದವಡೆಯಲ್ಲಿ ನಾಲ್ಕು ಹಲ್ಲು ಅಲುಗುತ್ತಿದ್ದವು, ವಸಡು ಊದಿತ್ತು. ಪಟಾಲಮ್ಮ ಅವರೆಕಾಳು, ಸೊಪ್ಪು, ಮಾಂಸ ಯಾವುದನ್ನೂ ಅಗಿಯಲಾರದೆ ಎರಡು ವರ್ಷದಿಂದ ತಿಳಿಸಾರಿನಲ್ಲೇ ಕಾಲ ಕಳೆದಿದ್ದಳು. ಹೊಟ್ಟೆಯ ಮೇಲ್ಭಾಗ ಒತ್ತಿದರೆ ಮುಖ ಕಿವುಚಿದಳು. ನಾಲ್ಕು ತುತ್ತಿಗೇ ಹೊಟ್ಟೆ ತುಂಬಿದಂತಾಗುತ್ತದೆ, ಆಮೇಲೆ ಉರಿ ಎಂದು ಮೊದಲ ಸಲ ಬಾಯಿಬಿಟ್ಟಳು. ನೋವಿನ ಮಾತ್ರೆಯ ಹೆಸರು ಕೇಳಿ ಡಾಕ್ಟರಮ್ಮ ಅಂದೇ ನಿಲ್ಲಿಸಿದರು. ಬರಿಹೊಟ್ಟೆಗೆ ಅಷ್ಟು ಕಾಲ ನುಂಗಿದರೆ ಹೊಟ್ಟೆ ಹುಣ್ಣಾಗದೆ ಏನಾದೀತು ಎಂದರು. ರಕ್ತ, ಸಕ್ಕರೆ, ಥೈರಾಯ್ಡ್, ಎದೆಯ ಎಕ್ಸ್‌ರೇ, ಮಲ ಪರೀಕ್ಷೆ ಎಲ್ಲ ಬರೆದರು. ವರದಿ ಬಂದಾಗ ಕ್ಷಯವಿರಲಿಲ್ಲ, ಸಕ್ಕರೆಯಿರಲಿಲ್ಲ. ಹನ್ನೆರಡಿರಬೇಕಾದ ಹಿಮೋಗ್ಲೋಬಿನ್ ಒಂಬತ್ತಿತ್ತು.

'ಅಮ್ಮ, ಊಟ ಯಾರ ಜೊತೆ ಮಾಡ್ತೀರಿ?' ಎಂದು ಡಾಕ್ಟರಮ್ಮ ಕೊನೆಗೆ ಕೇಳಿದರು.

ಪಟಾಲಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು.

'ಅವ್ರು ಹೋದ್ಮೇಲೆ ತಟ್ಟೆ ಮುಂದೆ ಕೂತ್ರೆ ಬ್ಯಾಸರ ಆಯ್ತದಮ್ಮ. ಪಕ್ಕ ಖಾಲಿ ಇರ್ತದೆ.'

ಆ ಮಾತು ಕೇಳಿ ಅಂಜನಮೂರ್ತಿಗೆ ಅಲ್ಲಿ ನಿಲ್ಲಲಾಗಲಿಲ್ಲ. ಔಷಧಿ ತರುತ್ತೇನೆಂದು ಹೊರಗೆ ಹೋದ. ಔಷಧಿ ಅಂಗಡಿಯವನು ಎರಡು ಸಲ ಕರೆದ ಮೇಲೆ ಚೀಟಿ ಕೊಟ್ಟ.

ಅಂದಿನಿಂದ ಒಪ್ಪತ್ತು ನಿಂತಿತು. ದೇವರ ಜೊತೆಗಿನ ಆ ವ್ರತದ ಲೆಕ್ಕವನ್ನು ಯಮುನಾ ವಹಿಸಿಕೊಂಡು, ಅತ್ತೆಯ ಬದಲು ತಾನು ಸೋಮವಾರ ಹಿಡಿದಳು. ಡಾಕ್ಟರಮ್ಮ ಹೇಳಿದಂತೆ ಮೂರು ಹೊತ್ತಿನ ದೊಡ್ಡ ಊಟ ಬಿಟ್ಟು ಆರು ಸಲ ಚೂರುಚೂರು: ಬೆಳಿಗ್ಗೆ ಹಾಲು ಸೇರಿಸಿದ ರಾಗಿ ಗಂಜಿ, ಆಮೇಲೊಂದು ಬೇಯಿಸಿದ ಮೊಟ್ಟೆ, ಮೆತ್ತಗೆ ಬೆಂದ ಅನ್ನಕ್ಕೆ ಹಿಸುಕಿದ ಬೇಳೆ ಮತ್ತು ತುಪ್ಪ, ಸಂಜೆ ಕಡಲೆಕಾಯಿ ಪುಡಿ ಬೆರೆಸಿದ ಬಾಳೆಹಣ್ಣು. ಊಟಕ್ಕೆ ಮುಂಚೆ ಕಾಫಿ ಕುಡಿಸಕೂಡದು, ಹಸಿವು ಸತ್ತುಹೋಗುತ್ತದೆ. ಮುಖ್ಯವಾದದ್ದು ಇನ್ನೊಂದು. ಎಲ್ಲರೂ ಉಂಡು ಎದ್ದ ಮೇಲೆ ಅವಳು ಒಬ್ಬಳೇ ಕೂರಬಾರದು. ಮಧ್ಯಾಹ್ನ ಅಂಗಡಿಯ ಬಾಗಿಲು ಅರ್ಧ ಎಳೆದು, ಅಂಜನಮೂರ್ತಿ, ಯಮುನಾ, ಶಕೀಲಾ, ಪಟಾಲಮ್ಮ ನಾಲ್ವರೂ ಕತ್ತರಿಸುವ ಮೇಜನ್ನೇ ಊಟದ ಮೇಜು ಮಾಡಿಕೊಂಡರು. ಊಟ ಮುಗಿದ ಮೇಲೆ ಅವನು ಬೀಡಿ ಹಚ್ಚಲಿಲ್ಲ, ಅಭ್ಯಾಸವಿರಲಿಲ್ಲ. ಆದರೆ ಅಪ್ಪನಂತೆ ಅಂದಿನ ಕಥೆ ಹೇಳಲು ಕಲಿತ. ಮೊದಮೊದಲು ಕಥೆಯಲ್ಲಿ ಜೀವವಿರಲಿಲ್ಲ. ಪಟಾಲಮ್ಮ ಮರ್ಯಾದೆಗೆ ಕೇಳಿಸಿಕೊಂಡಳು.

ಯುಗಾದಿಯ ರವಿಕೆಯನ್ನು ಹೊಸ ಕಾಗದದಿಂದ ಕತ್ತರಿಸಿದ. ಎಂಟು ಇಂಚಿನ ತೋಳಿಗೆ ಒಂದಿಂಚು ಸಡಿಲ ಬಿಟ್ಟು ಒಂಬತ್ತು. ಆದರೆ ಹೊಲಿಗೆಯ ಒಳಗೆ ಎರಡಿಂಚು ಬಟ್ಟೆ ಬಿಟ್ಟ. ಬಟ್ಟೆ ಬಿಡುವುದರಲ್ಲಿ ಮಹಾ ಜಿಪುಣನೆಂದು ಬೀದಿಗೆಲ್ಲ ಹೆಸರಾದವನು ಅವನು.

'ಇಷ್ಟ್ಯಾಕೋ ಒಳಗೆ ಬಿಟ್ಟಿದ್ದೀಯ? ಚುಚ್ತದೆ,' ಎಂದಳು ತಾಯಿ.

'ಇರ್ಲಿ ಬಿಡಮ್ಮ.'

ಇಷ್ಟೆಲ್ಲ ಮಾಡಿದರೂ ತೂಕ ಏರಲಿಲ್ಲ. ಹಲ್ಲು ಕೀಳಿಸಿದ ಮೇಲೆ ಎರಡು ವಾರ ಬರೀ ಗಂಜಿಯಲ್ಲೇ ಇದ್ದು, ಏಪ್ರಿಲ್ ಕೊನೆಗೆ ಮೂವತ್ತೈದೂವರೆಗೆ ಇಳಿದಳು. ಮೆಟ್ಟಿಲಲ್ಲಿ ಕಾಲು ಜಾರಿ ಕೂತುಬಿಟ್ಟಳು. ಮೂಳೆಗೇನೂ ಆಗಲಿಲ್ಲ, ಅದು ಅದೃಷ್ಟ. ಆ ರಾತ್ರಿ ಅಂಜನಮೂರ್ತಿ ವಿನಾಕಾರಣ ಯಮುನಾ ಮೇಲೆ ರೇಗಿದ, ಗಂಜಿಗೆ ತುಪ್ಪ ಸಾಲದೆಂದು. ಯಮುನಾ ಡಬ್ಬಿಯನ್ನೇ ತಂದು ಅವನ ಮುಂದೆ ಇಟ್ಟು, ನೀವೇ ಹಾಕಿ ಎಂದಳು. ತಾಯಿ ಉಳಿಯುವುದಿಲ್ಲವೆಂಬ ಭಯ ಅವನ ಬಾಯಲ್ಲಿ ತುಪ್ಪವಾಗಿ ಬಂದಿತ್ತೆಂದು ಅವಳಿಗೂ ಗೊತ್ತಿತ್ತು. ಡಾಕ್ಟರಮ್ಮ ಮಾತ್ರ ಗಾಬರಿಯಾಗಲಿಲ್ಲ. ಹೋದ ಮೈ ಬರುವುದು ನಿಧಾನ, ಹಲ್ಲಿನ ಸೆಟ್ಟು ಕೂರಲಿ, ತಿಂಗಳಿಗೊಮ್ಮೆ ಒಂದೇ ತಕ್ಕಡಿಯಲ್ಲಿ ತೂಗಿಸಿ ಬರೆದಿಡಿ ಎಂದರು.

ಬರೆದಿಟ್ಟರು. ಜೂನ್‌ಗೆ ಮೂವತ್ತಾರು. ಜುಲೈಗೆ ಮೂವತ್ತೇಳು. ಹೊಸ ಹಲ್ಲಿನಲ್ಲಿ ಪಟಾಲಮ್ಮ ಮೊದಲು ಅಗಿದದ್ದು ಶಕೀಲಾಳ ಬುತ್ತಿಯ ಕೈಮಾ. ಅಗಿದು ನುಂಗಿ, ಉಪ್ಪು ಕಡಿಮೆ ಎಂದಳು. ಮೂರು ವರ್ಷದಲ್ಲಿ ಅವಳು ಊಟಕ್ಕೆ ಹೆಸರಿಟ್ಟದ್ದು ಅದೇ ಮೊದಲು. ಶಕೀಲಾ ಕೋಪಿಸಿಕೊಳ್ಳಲಿಲ್ಲ.

ಅಂಗಡಿಯಲ್ಲೂ ಒಂದು ಬದಲಾವಣೆಯಾಯಿತು. ಅರವತ್ತು ದಾಟಿದವರಿಗೆಂದು ಮನೆಯವರು ಅಳತೆ ಬ್ಲೌಸು ತಂದರೆ ಅಂಜನಮೂರ್ತಿ ತೆಗೆದುಕೊಳ್ಳುವುದನ್ನು ಬಿಟ್ಟ. 'ಅವರನ್ನೇ ಕರ್ಕೊಂಡ್ ಬನ್ನಿ' ಎನ್ನುತ್ತಿದ್ದ. ಯಮುನಾ ಪರದೆಯ ಹಿಂದೆ ಟೇಪು ಹಿಡಿದು ಅಳೆದು, ತೋಳಿನ ಅಳತೆಯನ್ನು ತಾರೀಕಿನ ಸಮೇತ ಕಾಗದದ ಮೇಲೆ ಬರೆಯುತ್ತಿದ್ದಳು. ಕೆಲವರು ಬೇಜಾರು ಮಾಡಿಕೊಂಡು ಬೇರೆ ಟೈಲರ ಬಳಿ ಹೋದರು. ಕಲ್ಯಾಣ ನಗರದ ಒಬ್ಬಾಕೆಗೆ, 'ನಿಮ್ಮತ್ತೆ ತೋಳು ಹೋದ ಸಲಕ್ಕಿಂತ ಮುಕ್ಕಾಲು ಇಂಚು ಇಳಿದಿದೆ, ಒಂದ್ಸಲ ತೂಕ ಹಾಕಿಸ್ರಿ' ಎಂದದ್ದಕ್ಕೆ ಆಕೆ, ನೀವು ಟೈಲರೋ ಡಾಕ್ಟರೋ ಎಂದು ಕೇಳಿ ಹೋದಳು. ಎರಡು ವಾರದ ಮೇಲೆ ಬಂದು ಏನೂ ಹೇಳದೆ ಅತ್ತೆಯ ಇನ್ನೆರಡು ಬಟ್ಟೆ ಕೊಟ್ಟು ಹೋದಳು. ತೂಕ ಹಾಕಿಸಿದಳೋ ಇಲ್ಲವೋ ಅವನು ಕೇಳಲಿಲ್ಲ.

ಗೌರಿಹಬ್ಬದ ಹಿಂದಿನ ದಿನ. ಅಂಗಡಿಯ ತುಂಬ ಹೆಂಗಸರು, ಎಲ್ಲರಿಗೂ ಅಂದೇ ಬೇಕು. ಅಂಜನಮೂರ್ತಿಗೆ ತಲೆಯೆತ್ತಲು ಪುರುಸೊತ್ತಿಲ್ಲ. ಪಟಾಲಮ್ಮ ಮೆಟ್ಟಿಲಿಳಿದು ಬಂದಳು, ಒಂದೇ ಕೈಯಲ್ಲಿ ಗೋಡೆ ಹಿಡಿದು. ಇನ್ನೊಂದು ಕೈಯಲ್ಲಿದ್ದ ಯುಗಾದಿಯ ರವಿಕೆಯನ್ನು ಎಲ್ಲರ ಎದುರಿಗೇ ಅವನ ಮಿಷನ್ನಿನ ಮೇಲೆ ಹಾಕಿದಳು.

'ಏನ್ ಹೊಲಿದಿದ್ದೀಯೋ ಇದು? ತೋಳು ಹಿಡೀತದೆ. ಕೈ ಎತ್ತಕಾಗಲ್ಲ.'

ಹೆಂಗಸರು ತಿರುಗಿ ನೋಡಿದರು. ಅಂಜನಮೂರ್ತಿಯ ಅಂಗಡಿಯಲ್ಲಿ ಹೊಲಿಗೆ ಸರಿಯಿಲ್ಲವೆಂಬ ಮಾತನ್ನು ಅವರು ಯಾರೂ ಕೇಳಿರಲಿಲ್ಲ. ಅವನೂ ಕೇಳಿರಲಿಲ್ಲ. ಎದ್ದು ತಾಯಿಯ ತೋಳಿಗೆ ಟೇಪು ಸುತ್ತಿದ. ಎಂಟೂಮುಕ್ಕಾಲು. ನಂಬಿಕೆ ಬಾರದೆ ಮತ್ತೊಮ್ಮೆ ಸುತ್ತಿದ.

ಗಿರಾಕಿಯ ಬಟ್ಟೆಯನ್ನು ಪಕ್ಕಕ್ಕಿಟ್ಟು, ತಾಯಿಯ ರವಿಕೆ ಎತ್ತಿಕೊಂಡು ಕೂತ. ಕಣ್ಣು ಮಂಜಾಗಿ ಸೂಜಿಯ ತುದಿ ಸರಿಯಾಗಿ ಕಾಣಲಿಲ್ಲ. ಪಟಾಲಮ್ಮ ಅವನ ಕೈಯಿಂದ ರವಿಕೆ ಕಿತ್ತುಕೊಂಡು, ಶಕೀಲಾಳ ಪಕ್ಕ ಕೂತು, ತೋಳು ಸಡಿಲಿಸಲು, ಅವನು ಒಳಗೆ ಬಿಟ್ಟಿದ್ದ ಎರಡಿಂಚು ಬಟ್ಟೆಯನ್ನು ಹಿಡಿದಿದ್ದ ಗೆರೆಯನ್ನು ತಾನೇ ಬಿಚ್ಚತೊಡಗಿದಳು.